ಅಟ್ಟದ ತಗಡಿನ ಕಾರಿಗೆ ಹೊಸ ಬಣ್ಣ ಬೇಡ

ಪ್ರಶ್ನೆ: ಶಿರಸಿ ಹತ್ತಿರದ ನಮ್ಮ ಅಜ್ಜನ ಮನೆ ಅಟ್ಟದಲ್ಲಿ ಹಳೇ ತಗಡಿನ ಆಟಿಕೆ ಕಾರು ಸಿಕ್ಕಿದೆ, ಹರಿದ ಡಬ್ಬಿಯೂ ಇದೆ. ಜೊತೆಗೆ ಬಣ್ಣದ ಮರದ ಗೊಂಬೆ ಎರಡು. ಬಣ್ಣ ಅಲ್ಲಲ್ಲಿ ಹೋಗಿದೆ. ಪೇಂಟ್ ಹೊಡೆಸಿ ಮಾರಿದರೆ ಒಳ್ಳೆ ರೇಟು ಬರ್ತದಾ? ಅಸಲಿ ಹಳೇದು ಅಂತ ತಿಳಿಯೋದು ಹೇಗೆ?

ಪೇಂಟ್ ಹೊಡೆಸಬೇಡಿ. ಸದ್ಯಕ್ಕೆ ಒದ್ದೆ ಬಟ್ಟೆಯಲ್ಲೂ ಒರೆಸಬೇಡಿ. ಡಬ್ಬಿ ಹರಿದಿದ್ದರೂ ಎಸೆಯಬೇಡಿ, ಟೇಪ್ ಹಚ್ಚಬೇಡಿ. ನಾನು ಕಾರವಾರದಲ್ಲಿ ಹಳೇ ಸಾಮಾನು ಕೊಂಡು ಮಾರುವವನು. ಆಟಿಕೆ ಹಿಡಿದು ಬಂದವರಿಗೆಲ್ಲ ಮೊದಲು ಹೇಳುವುದು ಇಷ್ಟೇ.

ಇತ್ತೀಚೆಗೆ ಅಂಕೋಲಾ ಕಡೆಯ ಒಂದೇ ಕುಟುಂಬದ ಎರಡು ಮನೆಗಳಿಂದ ನನ್ನ ಕೈಗೆ ಬಂದ ಎರಡು ಕಾರುಗಳ ಲೆಕ್ಕ ಹೇಳುತ್ತೇನೆ, ನಿಮ್ಮದಕ್ಕೂ ಅದೇ ದಾರಿ. ಮನೆಯ ಹಿರಿಯರೊಬ್ಬರು ಹಡಗಿನಲ್ಲಿ ಕೆಲಸಕ್ಕಿದ್ದರು, ಇಬ್ಬರು ಮಕ್ಕಳಿಗೆ ಒಂದೇ ನಮೂನೆಯ ಕಾರು ತಂದಿದ್ದರು. ನೆಲಕ್ಕೆ ಉಜ್ಜಿ ಬಿಟ್ಟರೆ ರೊಯ್ಯನೆ ಓಡುವ ಜಾತಿಯವು. ಒಂದನ್ನು ಮೊಮ್ಮಗ ಗ್ಯಾರೇಜಿಗೆ ಒಯ್ದು ಹೊಳೆಯುವ ಕೆಂಪು ಹೊಡೆಸಿದ್ದ. ಇನ್ನೊಂದರ ಮೂಲೆಗಳಲ್ಲಿ ಬಣ್ಣ ಸವೆದಿತ್ತು, ಬಾಗಿಲ ಬಳಿ ಬೆರಳಗಲ ತುಕ್ಕು ಇತ್ತು, ಆದರೆ ಡಬ್ಬಿ ಇತ್ತು. ಕೆಂಪು ಕಾರಿಗೆ ಸಿಕ್ಕಿದ್ದು 1,200 ರೂಪಾಯಿ, ಅದೂ ಶೋಕೇಸಿಗೆಂದು ಕೊಂಡವರಿಂದ. ಸವೆದ ಕಾರಿಗೆ ಡಬ್ಬಿ ಬಿಟ್ಟು 4,000 ಹೇಳಿದ ಗಿರಾಕಿಯೇ ಡಬ್ಬಿ ತೋರಿಸಿದ ಮೇಲೆ 9,000 ಕೊಟ್ಟ. ಈ ಅಂಕಿ ಆ ಕಾರಿನದು, ನಿಮ್ಮದಕ್ಕೆ ಬೇರೆಯೇ ಇರುತ್ತದೆ. ಅವುಗಳ ನಡುವಿನ ಅಂತರ ನೋಡಿ.

ಈಗ ನಿಮ್ಮ ಕಾರನ್ನು ತಿರುಗಿಸಿ ಅಡಿ ನೋಡಿ. ನಂಬರ್ ಪ್ಲೇಟಿನ ಹತ್ತಿರವೂ ಬರಹ ಇರುವುದುಂಟು. 'ಮೇಡ್ ಇನ್ ಜಪಾನ್' ಎಂಬುದರ ಪಕ್ಕ ಟಿಎನ್ ಅಕ್ಷರ ಇದ್ದರೆ ಅದು ಟೋಕಿಯೊದ ನೊಮುರಾ ಕಂಪನಿಯದು, ಅಂಕೋಲಾದ ಕಾರು ಅದೇ. ಎಸ್‌ಎಚ್ ಎಂದರೆ ಹೊರಿಕಾವಾ. 'ಆಕ್ಯುಪೈಡ್ ಜಪಾನ್' ಎಂದಿದ್ದರೆ 1947ರಿಂದ 1952ರ ನಡುವಿನದು, ಆಗ ಜಪಾನ್ ಅಮೆರಿಕದವರ ಕೈಯಲ್ಲಿತ್ತು. 'ಯುಎಸ್ ಝೋನ್ ಜರ್ಮನಿ' ಎಂಬ ಬರಹವೂ ಎರಡನೇ ಮಹಾಯುದ್ಧ ಮುಗಿದ ನಂತರದ ಕೆಲವೇ ವರ್ಷಗಳದು. ಎಂಎಸ್ ಎಂದು ಬರೆದು ಮುಂದೆ ನಂಬರ್ ಇದ್ದರೆ ಚೀನಾದ್ದು. ಅಲ್ಲಿ ಜಾಗ್ರತೆ: ಕುಪ್ಪಳಿಸುವ ಕಪ್ಪೆ, ಕಾಳು ಹೆಕ್ಕುವ ಕೋಳಿ ಇಂಥವನ್ನು ಅವರು ದಶಕಗಟ್ಟಲೆ ಅದೇ ನಂಬರಿನಲ್ಲಿ ಮಾಡುತ್ತ ಬಂದಿದ್ದಾರೆ. ನಂಬರೊಂದೇ ವಯಸ್ಸು ಹೇಳುವುದಿಲ್ಲ. ಪ್ರವಾಸಿಗರು ಓಡಾಡುವ ದಾರಿಯಲ್ಲಿ ಹೊಸ ಕಪ್ಪೆಯನ್ನು ಹಳೇದೆಂದು ಮಾರುವವರು ಬೇಕಾದಷ್ಟಿದ್ದಾರೆ.

ಹೆಸರಿಗಿಂತ ಬಣ್ಣ ಹೆಚ್ಚು ಹೇಳುತ್ತದೆ. ಈ ಆಟಿಕೆಗಳಲ್ಲಿ ಬಹುಪಾಲು, ಚಪ್ಪಟೆ ತಗಡಿನ ಮೇಲೆ ಮೊದಲು ಬಣ್ಣ ಮುದ್ರಿಸಿ, ಆಮೇಲೆ ಅಚ್ಚಿನಲ್ಲಿ ಒತ್ತಿ ಬಗ್ಗಿಸಿದವು. ಅದಕ್ಕೇ ಅಸಲಿ ಮುದ್ರಣ ಅಂಚಿನಲ್ಲಿ ಮಡಚಿ ಒಳಗೂ ಹೋಗಿರುತ್ತದೆ, ಉಬ್ಬಿದ ಕಡೆ ಗೆರೆ ಸ್ವಲ್ಪ ಹಿಗ್ಗಿರುತ್ತದೆ. ಎರಡು ಭಾಗ ಸೇರಿಸಲು ಸೀಳಿನಲ್ಲಿ ತೂರಿಸಿ ಬಗ್ಗಿಸಿದ ಪುಟ್ಟ ತಗಡಿನ ನಾಲಿಗೆಗಳು ಅಡಿಯಲ್ಲಿ ಕಾಣುತ್ತವಲ್ಲ, ಪರೀಕ್ಷೆ ಅಲ್ಲಿಂದ ಶುರು. ಹತ್ತು ಪಟ್ಟು ದೊಡ್ಡದು ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ನಾಲಿಗೆಯ ಮೇಲೂ ಸೀಳಿನ ಮೇಲೂ ಒಂದೇ ಬಣ್ಣ ಎಡೆಬಿಡದೆ ಹರಿದು ಸಂದು ಮುಚ್ಚಿದ್ದರೆ, ಜೋಡಿಸಿದ ಮೇಲೆ ಹೊಡೆದ ಬಣ್ಣ. ನಾಲಿಗೆಯ ಬುಡದಲ್ಲಿ ಬಿರುಕು, ಇಕ್ಕಳದ ಹಲ್ಲಿನ ಗುರುತು ಇದ್ದರೆ ಯಾರೋ ಬಿಚ್ಚಿ ಮತ್ತೆ ಜೋಡಿಸಿದ್ದಾರೆ. ಬಿಚ್ಚಿದವರು ಸುಮ್ಮನೆ ಬಿಚ್ಚಿರುವುದಿಲ್ಲ, ಒಳಗೆ ಏನನ್ನಾದರೂ ಬದಲಿಸಿರುತ್ತಾರೆ.

ಆದರೆ ಕೆಲವು ಕಾರುಗಳ ಮೈಗೆ ಕಾರ್ಖಾನೆಯಲ್ಲೇ ಸ್ಪ್ರೇ ಬಣ್ಣ ಹಾಕುತ್ತಿದ್ದರು, ಸೀಟು ಮತ್ತು ಡ್ಯಾಶ್‌ಬೋರ್ಡ್ ಮಾತ್ರ ಮುದ್ರಣ. ಸ್ಪ್ರೇ ಕಂಡ ಕೂಡಲೇ ನಕಲಿ ಅನ್ನಬೇಡಿ. ಅಂಥದ್ದರಲ್ಲಿ ಟೈರಿನ ಒಳಮೈ, ಅಚ್ಚುಕಡ್ಡಿ, ಹೊಳಪಿನ ಬಂಪರಿನ ಅಂಚು ನೋಡಿ. ಕಾರ್ಖಾನೆಯವರು ಮೈಗೆ ಬಣ್ಣ ಹಾಕಿದ ಮೇಲೆ ಚಕ್ರ ಜೋಡಿಸುತ್ತಾರೆ, ಗ್ಯಾರೇಜಿನವರು ಜೋಡಿಸಿದ್ದಕ್ಕೇ ಹೊಡೆಯುತ್ತಾರೆ. ಅಂಕೋಲಾದ ಕೆಂಪು ಕಾರಿನ ಅಚ್ಚುಕಡ್ಡಿಯ ಮೇಲೆ ಕೆಂಪು ಹನಿ ಸಾಲಾಗಿ ಕೂತಿತ್ತು. ಸವೆತವೂ ಸಾಕ್ಷಿಯೇ. ಮಗು ಹಿಡಿಯುವ ಚಾವಣಿ, ನೆಲಕ್ಕೆ ತಾಗುವ ಅಂಚು, ಬಂಪರು, ಈ ಜಾಗಗಳಲ್ಲಿ ಸವೆದಿರಬೇಕು. ಕೈ ತಾಗದ ಮೂಲೆಯಲ್ಲಿ ಸವೆದು ಚಾವಣಿ ಹೊಸದಾಗಿದ್ದರೆ ಸ್ಯಾಂಡ್‌ಪೇಪರಿನ ಕೆಲಸ.

ಡಬ್ಬಿಗೆ ಅಷ್ಟೊಂದು ಬೆಲೆ ಯಾಕೆ ಅಂದರೆ ಮಕ್ಕಳು ಮೊದಲು ಹರಿಯುವುದೇ ಅದನ್ನು. ಕಾರು ನೂರು ಉಳಿದಲ್ಲಿ ಡಬ್ಬಿ ನಾಲ್ಕೈದು ಉಳಿದರೆ ಹೆಚ್ಚು, ಹೀಗೆ ನಮ್ಮವರು ಮಾತಿಗೆ ಹೇಳುವುದುಂಟು. ಜೊತೆಗೆ ಚಿತ್ರ, ಕಂಪನಿಯ ಗುರುತು, ಮಾದರಿ ನಂಬರ್ ಎಲ್ಲ ಅದರ ಮೇಲೇ ಇರುತ್ತದೆ. ನಮ್ಮ ದೇಶದಲ್ಲಿ ಮಾರಿದ ಡಬ್ಬಿಗೆ ಇನ್ನೊಂದು ಅನುಕೂಲ, ಅಂಗಡಿಯವರ ಚೀಟಿ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಮೊದಲಿನ ಲೆಕ್ಕ. 'ನಯೇ ಪೈಸೆ' ಇದ್ದರೆ 1957ರಿಂದ 1964ರ ನಡುವೆ. ವಿಳಾಸದಲ್ಲಿ 'ಬಾಂಬೆ–2' ಎಂದು ಒಂದೋ ಎರಡೋ ಅಂಕಿ ಇದ್ದರೆ ಹಳೇ ಅಂಚೆ ವಲಯ. ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಹಾಗಾಗಿ ಅದನ್ನು ಅಚ್ಚು ಹಾಕಿದ ಡಬ್ಬಿ ಐವತ್ತರ ದಶಕದ್ದಾಗಲು ಸಾಧ್ಯವಿಲ್ಲ. ನಮ್ಮ ಜಿಲ್ಲೆಯ ಅಂಗಡಿಯ ಚೀಟಿ ಸಿಕ್ಕು ಅದರಲ್ಲಿ 'ನಾರ್ತ್ ಕೆನರಾ' ಎಂದಿದ್ದರೆ ಆ ಚೀಟಿಯನ್ನು ಕೆರೆಯಲು ಹೋಗಬೇಡಿ ಮಾರಾಯ್ರೆ, ಕೊಳ್ಳುವವರು ಅದನ್ನು ಕಂಡರೆ ಖುಷಿಪಡುತ್ತಾರೆ. ಅಂಕೋಲಾದ ಡಬ್ಬಿಯ ಬದಿಯಲ್ಲಿ ಬೊಂಬಾಯಿ ಅಂಗಡಿಯ ಚೀಟಿ ಇತ್ತು, ಬೆಲೆ ನಯೇ ಪೈಸೆಯಲ್ಲಿ. ಹಡಗಿನವರು ಹೊರದೇಶದಿಂದ ತಂದರು ಎಂದು ಮನೆಯಲ್ಲಿ ಹೇಳುತ್ತಿದ್ದ ಕಥೆ ಅಲ್ಲೇ ಬಿತ್ತು, ಆದರೆ ಕಾಲ ಮಾತ್ರ ಗಟ್ಟಿಯಾಯಿತು.

ಹಳೇ ಡಬ್ಬಿಯನ್ನು ಈಗ ಪ್ರಿಂಟ್ ಹೊಡೆದು ಮಾಡುವವರಿದ್ದಾರೆ. ಆ ಕಾಲದ ರಟ್ಟಿನ ಒಳಮೈ ಸಾಮಾನ್ಯವಾಗಿ ಬೂದು ಅಥವಾ ಕಂದು. ಹರಿದ ಅಂಚಿನಲ್ಲಿ ಬೆಳ್ಳಗೆ ಹೊಳೆಯುವ ರಟ್ಟು ಕಂಡರೆ ಅನುಮಾನಿಸಿ. ನೋಟು ಪರೀಕ್ಷಿಸುವ ಯುವಿ ಟಾರ್ಚ್ ಇರುತ್ತದಲ್ಲ, ಕತ್ತಲೆಯಲ್ಲಿ ಅದನ್ನು ಹಿಡಿಯಿರಿ. ಈಗಿನ ಬಿಳಿ ಕಾಗದಕ್ಕೆ ಬೆಳ್ಳಗಾಗಲು ಸೇರಿಸುವ ರಾಸಾಯನಿಕ ನೀಲಿಯಾಗಿ ಹೊಳೆಯುತ್ತದೆ. ಅದು ಕಾಗದಕ್ಕೆ ಬಂದದ್ದೇ ಯುದ್ಧದ ಆಚೆಗೆ, ಹಾಗಾಗಿ ಯುದ್ಧಕ್ಕೆ ಮೊದಲಿನದು ಎಂದು ಮಾರುವ ಡಬ್ಬಿ ಹೊಳೆಯಬಾರದು. ಅರವತ್ತರ ದಶಕದ ಡಬ್ಬಿಗೆ ಈ ಪರೀಕ್ಷೆ ಅಷ್ಟು ಖಾತ್ರಿಯಲ್ಲ. ಅಲ್ಲಿ ಡಬ್ಬಿಯೊಳಗೆ ನೋಡುವುದೇ ವಾಸಿ. ಕಾರು ವರ್ಷಗಟ್ಟಲೆ ಕೂತಲ್ಲಿ ಚಕ್ರದ ನಾಲ್ಕು ಒತ್ತು ಇರುತ್ತದೆ, ಬಾಗಿಲಲ್ಲಿ ತುಕ್ಕಿದ್ದರೆ ಅದೇ ಎತ್ತರಕ್ಕೆ ರಟ್ಟಿನಲ್ಲೂ ತುಕ್ಕಿನ ಕಲೆ ಇರುತ್ತದೆ. ಅಂಕೋಲಾದ್ದರಲ್ಲಿ ಎರಡೂ ಸರಿಯಾಗಿ ಕೂಡಿ ಬಂದಿದ್ದವು. ಎಲ್ಲಿಂದಲೋ ತಂದು ಜೋಡಿಸಿದ ಡಬ್ಬಿಯಲ್ಲಿ ಈ ಗುರುತು ಕೂಡುವುದಿಲ್ಲ.

ಮರದ ಗೊಂಬೆಗಳ ಕಥೆ ಬೇರೆ. ಜಾತ್ರೆಯಲ್ಲಿ ಬಿಡಿಯಾಗಿ ಮಾರುತ್ತಿದ್ದ ಸಾಮಾನು, ಡಬ್ಬಿಯ ಪ್ರಶ್ನೆಯೇ ಇಲ್ಲ, ಬೆಲೆ ಪೂರ್ತಿ ಬಣ್ಣದ ಮೇಲೆ. ಕಡೆದ ಗೊಂಬೆಯಾದರೆ ಚನ್ನಪಟ್ಟಣದ್ದೋ ಗೋವಾದಾಚೆಯ ಸಾವಂತವಾಡಿಯದೋ ಇರಬಹುದು. ಚನ್ನಪಟ್ಟಣದವರು ಹಾಲೆ ಮರವನ್ನು ಯಂತ್ರದಲ್ಲಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ, ಆಮೇಲೆ ಕೇದಿಗೆ ಜಾತಿಯ ಗರಿಯಲ್ಲಿ ತಿಕ್ಕಿ ಹೊಳಪು ತರುತ್ತಾರೆ. ಅದರಿಂದ ಭೂತಗನ್ನಡಿಯಲ್ಲಿ ಸಣ್ಣ ಸುತ್ತುಗೆರೆ ಕಾಣುತ್ತದೆ, ಕುಂಚದ ಗುರುತು ಕಾಣುವುದಿಲ್ಲ. ಕಿನ್ನಾಳದ್ದಾದರೆ ಕುಂಚದ್ದೇ ಕೆಲಸ, ಅಲ್ಲಿ ಈ ಮಾತು ನಡೆಯುವುದಿಲ್ಲ.

ಯಾವ ಊರಿನದಾದರೂ ಬಿರುಕು ನೋಡಿ. ಬಿರುಕು ಬಣ್ಣವನ್ನೂ ಸೀಳಿಕೊಂಡು ಹೋಗಿದ್ದರೆ ಬಣ್ಣ ಹಳೇದು. ಬಣ್ಣ ಬಿರುಕಿನೊಳಗೆ, ಹುಳ ಕೊರೆದ ತೂತಿನೊಳಗೆ ಇಳಿದಿದ್ದರೆ ಆಮೇಲೆ ಹಚ್ಚಿದ್ದು. ಮರ ಒಣಗುವಾಗ ಎಳೆಗೆ ಅಡ್ಡವಾಗಿ ಕುಗ್ಗುವಷ್ಟು ಉದ್ದಕ್ಕೆ ಕುಗ್ಗುವುದಿಲ್ಲ, ಅಡ್ಡಕ್ಕೂ ಎಲ್ಲ ಕಡೆ ಸಮನಾಗಿಲ್ಲ. ಹಾಗಾಗಿ ದುಂಡಗೆ ಕಡೆದ ಹಳೇ ಗೊಂಬೆಯ ಹೊಟ್ಟೆ ವರ್ನಿಯರ್ ಹಿಡಿದರೆ ಎರಡು ಕಡೆ ಎರಡು ಅಳತೆ ಕೊಡುತ್ತದೆ. ಪಕ್ಕಾ ದುಂಡಗಿದ್ದರೆ ಹೊಸದು ಎಂದೇ ಹೇಳಲಾಗದು, ಆದರೆ ಇನ್ನೊಮ್ಮೆ ಯೋಚಿಸಬೇಕು. ಸ್ಪಿರಿಟ್ ಹಚ್ಚಿ ಪರೀಕ್ಷಿಸಿ ಎಂದು ಕೆಲವರು ಹೇಳುತ್ತಾರೆ. ಅರಗು ಸ್ಪಿರಿಟಿಗೆ ಕರಗುವುದು ನಿಜ, ಆದರೆ ಕರಗಿದ ಜಾಗ ಹೋದ ಹಾಗೇ.

ಮಳೆಗಾಲ ದಾಟಿಸುವುದು ನಮ್ಮಲ್ಲಿ ದೊಡ್ಡ ಕಷ್ಟ. ಆಟಿಕೆಯ ತಗಡು ತೆಳು ಉಕ್ಕಿನದು, ಮೇಲೆ ತವರದ ಲೇಪ. ಗೀರು ಬಿದ್ದು ಉಕ್ಕು ಹೊರಬಂದರೆ ಸತುವಿನ ಲೇಪದಂತೆ ತವರ ಅದನ್ನು ಕಾಯುವುದಿಲ್ಲ, ಬದಲಿಗೆ ತೇವ ಸೇರಿದಾಗ ಆ ಜಾಗ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಕರಾವಳಿಯ ಉಪ್ಪುಗಾಳಿ ಇದ್ದರೆ ಕೇಳುವುದೇ ಬೇಡ. ಹಿತ್ತಾಳೆಗೆಂದು ಹುಣಸೆಹಣ್ಣು ತಿಕ್ಕುವ ಅಭ್ಯಾಸ ಇಲ್ಲಿ ಬೇಡ, ಹುಳಿ ಮುದ್ರಣವನ್ನು ಕೆಡಿಸುತ್ತದೆ. ತೆಂಗಿನೆಣ್ಣೆ ಕ್ರಮೇಣ ಜಿಗುಟಾಗಿ ಧೂಳು ಹಿಡಿಯುತ್ತದೆ. ಮೆತ್ತನೆಯ ಒಣ ಕುಂಚದಲ್ಲಿ ಧೂಳು ಕೊಡವಿ ಸಾಕು. ಕಾರನ್ನು ಡಬ್ಬಿಯಿಂದ ಹೊರತೆಗೆದು, ಎರಡನ್ನೂ ಬೇರೆ ಬೇರೆ ಬಿಳಿ ಬಟ್ಟೆಯಲ್ಲಿ ಸುತ್ತಿ, ಮುಚ್ಚಳದ ಡಬರಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಪೊಟ್ಟಣ ಆಗಾಗ ಬದಲಿಸಿ. ಬರಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗೇ ಬೆವರುತ್ತದೆ. ಮಕ್ಕಳ ಕೈಗೆ ಕೊಡುವುದೂ ಬೇಡ, ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ.

ರೇಟು ಕೇಳುವ ಮೊದಲು ಫೋಟೋ ಹಾಕಿ: ಕಾರಿನ ಅಡಿ, ನಾಲಿಗೆಗಳ ಹತ್ತಿರದ ನೋಟ, ಅಚ್ಚುಕಡ್ಡಿ, ಡಬ್ಬಿಯ ಆರೂ ಬದಿ ಮತ್ತು ಒಳಮೈ, ಚೀಟಿ ಇದ್ದರೆ ಅದು, ಗೊಂಬೆಯ ಬುಡ. ಹಗಲ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ. ಕಾರು ಓಡುತ್ತದಾ ಎಂದು ಒಮ್ಮೆ ಮೆಲ್ಲಗೆ ಉಜ್ಜಿ ನೋಡಿ ಬರೆಯಿರಿ, ಸಿಕ್ಕಿಕೊಂಡಿದ್ದರೆ ಬಲ ಹಾಕಬೇಡಿ. ಡಬ್ಬಿಯ ಹರಿದ ತುಂಡು ಅಟ್ಟದಲ್ಲಿ ಬಿದ್ದಿದ್ದರೆ ಹುಡುಕಿ ಒಂದು ಲಕೋಟೆಯಲ್ಲಿ ಹಾಕಿಡಿ, ಅದನ್ನು ಅಂಟಿಸುವುದು ಕಾಗದದ ಕೆಲಸ ಗೊತ್ತಿರುವವರಿಗೆ ಬಿಟ್ಟದ್ದು.