ಮಿಡ್‌ಜರ್ನಿಯ ಪ್ರಾಂಪ್ಟ್ ಸ್ಟೇಬಲ್ ಡಿಫ್ಯೂಷನ್‌ನಲ್ಲಿ

"ಬೇಕಲ ಕೋಟೆಯ ಚಿತ್ರಕ್ಕೆ ಮಿಡ್‌ಜರ್ನಿಯಲ್ಲಿ ಬರೆದ ಪ್ರಾಂಪ್ಟನ್ನೇ ಸ್ಟೇಬಲ್ ಡಿಫ್ಯೂಷನ್‌ಗೆ ಹಾಕಿದೆ. ಚಿತ್ರ ಅಗಲವಾಗಲೇ ಇಲ್ಲ, ಯಾಕೆ?"

ಎರಡೂ ಬರಹದಿಂದ ಚಿತ್ರ ಮಾಡುವ ಎಐಗಳೇ, ಆದರೆ ನಿಮ್ಮ ಪ್ರಾಂಪ್ಟಿನ ಬಾಲ ನೋಡಿ:

```
Bekal Fort, monsoon rain --ar 16:9 --stylize 250
```

`--ar` ಇಂದ ಶುರುವಾಗುವ ಆ ಬಾಲ ಮಿಡ್‌ಜರ್ನಿಗೆ ಆಜ್ಞೆ, `--ar` ಅಂದರೆ ಅಗಲ-ಎತ್ತರದ ಅನುಪಾತ. ಸ್ಟೇಬಲ್ ಡಿಫ್ಯೂಷನ್ ಅದನ್ನೂ ವರ್ಣನೆ ಅಂತಲೇ ಓದುತ್ತದೆ. ಅಲ್ಲಿ ಅಗಲ, ಎತ್ತರವನ್ನು ಬೇರೆಯಾಗಿಯೇ ಕೊಡಬೇಕು.

ಸ್ಟೈಲೈಜ್‌ಗೆ ಅಲ್ಲಿ ಜೋಡಿಯೇ ಇಲ್ಲ. ಸ್ಟೇಬಲ್ ಡಿಫ್ಯೂಷನ್‌ನ ಸಿಎಫ್‌ಜಿ ಎಂಬ ಸೆಟ್ಟಿಂಗ್ ಅದೇ ಅಂದುಕೊಳ್ಳಬೇಡಿ, ಅದು ಹೆಚ್ಚುಕಡಿಮೆ ಉಲ್ಟಾ. ಸ್ಟೈಲೈಜ್ ಜಾಸ್ತಿ ಮಾಡಿದರೆ ಮಿಡ್‌ಜರ್ನಿ ನಿಮ್ಮ ಮಾತು ಬಿಟ್ಟು ತನ್ನ ಅಲಂಕಾರಕ್ಕೆ ಇಳಿಯುತ್ತದೆ. ಸಿಎಫ್‌ಜಿ ಜಾಸ್ತಿಯಾದರೆ ಚಿತ್ರ ನಿಮ್ಮ ಮಾತಿಗೆ ಅಂಟಿಕೊಳ್ಳುತ್ತದೆ, ಅತಿಯಾದರೆ ಬಣ್ಣ ಸುಟ್ಟಂತೆ ಕಾಣುತ್ತದೆ.

ಉದ್ದ ವರ್ಣನೆಯೂ ಕಷ್ಟ. ಸ್ಟೇಬಲ್ ಡಿಫ್ಯೂಷನ್ 1.5 ಒಮ್ಮೆಗೆ ಓದುವುದು 75 ಟೋಕನ್, ಅಂದರೆ ಪದ ಅಥವಾ ಪದದ ತುಣುಕು, ಮಾತ್ರ. ಹಾಗಾಗಿ ಮುರಕಲ್ಲಿನ ಗೋಡೆ, ಕಡಲು ಮೊದಲು ಬರಲಿ. ಮೋಡದ ವರ್ಣನೆ ಕೊನೆಗೆ ಸಾಕು, ಅಲ್ವಾ?