ಗಂಡನ ಎದೆನೋವು, ಹೆಂಡತಿಯ ‘ಗ್ಯಾಸ್’

ಬ್ಯಾಡಗಿ ಕಡೆಯ ಗಂಡ-ಹೆಂಡತಿ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಆತನಿಗೆ 47 ವರ್ಷ, ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೇ ಎದೆಯ ಭಯ ಹೊಕ್ಕಿತ್ತಂತೆ. ಈಚೆಗೆ ಎರಡು ತಿಂಗಳಲ್ಲಿ ಮೂರು ಸಲ ರಾತ್ರಿ ಆಸ್ಪತ್ರೆಗೆ ಓಡಿದ್ದರು. ಇಸಿಜಿ, ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೊನಿನ್ ರಕ್ತಪರೀಕ್ಷೆ, ಕೊನೆಗೆ ಟ್ರೆಡ್‌ಮಿಲ್ ಪರೀಕ್ಷೆ ಎಲ್ಲ ಸರಿಯಿದ್ದ ಮೇಲೆ ಹೃದಯದ ಡಾಕ್ಟರೇ ಅವರನ್ನು ಹುಬ್ಬಳ್ಳಿಗೆ ನನ್ನ ಬಳಿ ಕಳಿಸಿದರು.

“ಎದಿ ಚುಚ್ಚತೈತ್ರಿ ಮೇಡಂ, ಇನ್ನೇನ್ ಸತ್ತೇ ಹೋದೆ ಅನಸ್ತೈತಿ” ಎಂದರು. ಆ ರಾತ್ರಿಯನ್ನು ನಿಮಿಷ ನಿಮಿಷವಾಗಿ ಕೇಳಿದೆ. ಸುಮ್ನೆ ಮಲಗಿದ್ದಾಗ ಶುರುವಾಗಿ ಹತ್ತು ನಿಮಿಷದಲ್ಲಿ ಏರಿ, ಅರ್ಧ ಗಂಟೆಯೊಳಗೆ ಇಳಿಯುತ್ತಿತ್ತು. ಬೆರಳು, ತುಟಿಯ ಸುತ್ತ ಜುಮುಜುಮು. ಗಾಬರಿಯಲ್ಲಿ ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಜುಮುಜುಮು ಬರುವುದು ಅದರಿಂದ. ಮೆಟ್ಟಿಲು ಹತ್ತಿದರೆ, ಚೀಲ ಎತ್ತಿದರೆ ಏನೂ ಆಗುತ್ತಿರಲಿಲ್ಲ. ಪರೀಕ್ಷೆಗಳೂ ಸರಿಯಿದ್ದವು. ಹಾಗಾಗಿ ಇದು ಪ್ಯಾನಿಕ್ ಅಟ್ಯಾಕ್ ಎಂದು ಧೈರ್ಯವಾಗಿ ಹೇಳಿದೆ. ಬರೀ ಲಕ್ಷಣ ಕೇಳಿ ಹಾಗೆ ಹೇಳುತ್ತಿರಲಿಲ್ಲ.

ಹೃದಯಾಘಾತದ ನೋವು ಹೆಚ್ಚಾಗಿ ಚುಚ್ಚುವುದಿಲ್ಲ, ಎದೆಯ ಮೇಲೆ ಭಾರದ ಚೀಲ ಇಟ್ಟಂತೆ ಅದುಮುತ್ತದೆ ಎಂದೂ ವಿವರಿಸಿದೆ. ಅದು ತೋಳು, ದವಡೆ, ಬೆನ್ನಿಗೆ ಹಬ್ಬಬಹುದು, ತಣ್ಣನೆ ಬೆವರು ಬರಬಹುದು. ಕೆಲವರಿಗೆ, ಅದರಲ್ಲೂ ಹೆಂಗಸರಿಗೆ, ಶುಗರ್ ಇದ್ದವರಿಗೆ, ಎದೆನೋವೇ ಇಲ್ಲದೆ ಬರೀ ಏದುಸಿರು, ಸುಸ್ತು, ಹೊಟ್ಟೆಯ ಮೇಲ್ಭಾಗದಲ್ಲಿ ಉರಿ ಇರಬಹುದು.

ಪಕ್ಕದಲ್ಲಿ ಕೂತಿದ್ದ ಹೆಂಡತಿ ತಲೆ ಎತ್ತಿದರು. 45 ವರ್ಷ, ಎಂಟು ವರ್ಷದಿಂದ ಶುಗರ್. ನೀರಿನ ಕೊಡ ಹೊತ್ತು ಬರುವಾಗ ಎದೆ ಉರಿಯುತ್ತದೆ, ದವಡೆ ಹಿಡಿಯುತ್ತದೆ, ಕೂತರೆ ಐದು ನಿಮಿಷದಲ್ಲಿ ಹೋಗುತ್ತದೆ. ಈ ವಾರ ಕಸ ಗುಡಿಸುವಾಗಲೂ ಬಂತು. “ನಂದ್ ಬರೇ ಗ್ಯಾಸ್ ಬಿಡ್ರಿ” ಎಂದು ಸೆರಗು ಸರಿಮಾಡಿಕೊಂಡರು. ಮನೆಯವರೆಲ್ಲರ ಕಣ್ಣು ಗಂಡನ ಎದೆಯ ಮೇಲೇ ಇತ್ತು, ಅಲ್ವಾ?

ನಾನು ಮಾತು ಅಲ್ಲಿಗೇ ನಿಲ್ಲಿಸಿ, ಇಬ್ಬರನ್ನೂ ಆಗಲೇ ತುರ್ತು ವಿಭಾಗಕ್ಕೆ ಕರೆದೊಯ್ದೆ. ದುಡಿದಾಗ ಬಂದು ಕೂತರೆ ಹೋಗುವ ನೋವು, ದಿನದಿನಕ್ಕೆ ಸಣ್ಣ ಕೆಲಸಕ್ಕೂ ಬರತೊಡಗಿದರೆ ನಾಳೆಗೆ ಬಿಡುವಂಥದ್ದಲ್ಲ. ಹೆಂಡತಿಯ ಮೊದಲ ಇಸಿಜಿ ಸರಿಯಿತ್ತು. ಅಷ್ಟಕ್ಕೇ ಮನೆಗೆ ಕಳಿಸದೆ ಡಾಕ್ಟರು ಕೆಲವು ಗಂಟೆ ಬಿಟ್ಟು ಇಸಿಜಿ, ಟ್ರೋಪೊನಿನ್ ಮತ್ತೆ ನೋಡಿದರು. ಆಂಜಿಯೋಗ್ರಾಂನಲ್ಲಿ ಒಂದು ರಕ್ತನಾಳ ಬಹಳ ಕಿರಿದಾಗಿರುವುದು ಕಂಡಿತು. ಸ್ಟೆಂಟ್ ಹಾಕಿದರು.

ಮುಂದಿನ ಭೇಟಿಯಲ್ಲಿ ಗಂಡನಿಗೆ ಒಂದು ಚೀಟಿ ಬರೆದುಕೊಟ್ಟೆ. ಮೊದಲಿನಂಥದ್ದೇ ಗಾಬರಿ ಬಂದರೆ ಕೂತು, ಒಳಗೆಳೆದಿದ್ದಕ್ಕಿಂತ ನಿಧಾನವಾಗಿ ಉಸಿರು ಬಿಡುವುದು. ಬಾಯಿಗೆ ಚೀಲ ಹಿಡಿಯುವುದು ಬೇಡ. ಹದಿನೈದು ನಿಮಿಷವಾದರೂ ಇಳಿಯದಿದ್ದರೆ 108. ಅದುಮುವ ನೋವು, ತೋಳು-ದವಡೆಗೆ ಹಬ್ಬುವುದು, ತಣ್ಣನೆ ಬೆವರು, ತಲೆ ತಿರುಗಿ ಬೀಳುವಂತಾಗುವುದು, ಹಿಂದೆಂದೂ ಇರದ ಬಗೆಯ ನೋವು, ಇವಕ್ಕೆ ಆ ಹದಿನೈದು ನಿಮಿಷವೂ ಕಾಯಬೇಡಿ. ತಾವೇ ಬೈಕ್ ಓಡಿಸಿಕೊಂಡು ಹೋಗಬೇಡಿ. ಅನುಮಾನವಿದ್ದರೆ ನಾಲ್ಕನೇ ಸಲವೂ ಹೋಗಿ, ನಾಚಿಕೆ ಬೇಡ.

ಹೆಂಡತಿ ಆ ಚೀಟಿಯ ಇನ್ನೊಂದು ಪ್ರತಿ ಕೇಳಿ ಪಡೆದರು.