ಪುಲ್ಲಿಂಗ ಸರಿಯಿದ್ದರೂ ‘ಬೋ’ ಯಾಕೆ ತಪ್ಪು?

“ಫ್ರೆಂಚ್‌ನಲ್ಲಿ ಅಪಾರ್ತಮಾಂ ಪುಲ್ಲಿಂಗ ತಾನೇ? ‘ಅಂ ಬೋ ಅಪಾರ್ತಮಾಂ’ ಅಂತ ಬರೆದರೆ ತಪ್ಪು ಅಂತಾರೆ, ಯಾಕೆ?”

ತೊಂದರೆ ಲಿಂಗದ್ದಲ್ಲ, ಸ್ವರದ್ದು. ‘ಬೋ’ ಅಂದರೆ ಸುಂದರ, ನಾಮಪದದ ಮುಂದೆ ಬರುವ ವಿಶೇಷಣ. ಪುಲ್ಲಿಂಗ ಏಕವಚನದಲ್ಲಿ ಅದರ ಪಕ್ಕದ ಪದ ಸ್ವರದಿಂದಲೋ ಉಚ್ಚರಿಸದ ಎಚ್‌ನಿಂದಲೋ ಶುರುವಾದರೆ ಅದು ‘ಬೆಲ್’ ಆಗುತ್ತದೆ: ‘ಅಂ ಬೆಲ್ ಅಪಾರ್ತಮಾಂ’. ಕಿವಿಗೆ ಸ್ತ್ರೀಲಿಂಗದ ‘ಬೆಲ್’ ಥರವೇ ಕೇಳಿಸುತ್ತದೆ, ಎಡವುವುದು ಬರೆಯುವಾಗ. ಪುಲ್ಲಿಂಗಕ್ಕೆ ಒಂದೇ ಎಲ್. ಸ್ತ್ರೀಲಿಂಗಕ್ಕೆ ಎರಡು ಎಲ್, ಕೊನೆಗೆ ಇ.

ಮೊದಲು ಲಿಂಗ, ವಚನ ನೋಡಿ. ಆಮೇಲೆ ವಿಶೇಷಣಕ್ಕೆ ತಾಗಿರುವ ಪದ ನೋಡಿ, ನಾಮಪದವನ್ನಲ್ಲ. ನಡುವೆ ಚಿಕ್ಕ ಎಂಬರ್ಥದ ‘ಪ್ತಿ’ ಬಂದರೆ ಮತ್ತೆ ‘ಅಂ ಬೋ ಪ್ತಿ ಅಪಾರ್ತಮಾಂ’. ಪುಲ್ಲಿಂಗ ಬಹುವಚನದಲ್ಲಿ ‘ಬೆಲ್’ ಇಲ್ಲ. ‘ಬೋ’ಗೆ ಎಕ್ಸ್ ಸೇರಿಸಿ, ಅದು ಸ್ವರದ ಮುಂದೆ ‘ಝ್’ ಎಂದು ಕೇಳಿಸುತ್ತದೆ. ‘ನೂವೋ’ (ಹೊಸ) ಕೂಡ ಹೀಗೆಯೇ ‘ನೂವೆಲ್’ ಆಗುತ್ತದೆ.